ಕಬ್ಬಿಣದ ಬಾಕ್ಸ್ ಚಿತ್ರ: ಮೊದಲು ತುಂಬಿದ 4s ಮೊದಲೇ ಖಾಲಿಯಾಗುವುದೇಕೆ?

ಪ್ರಶ್ನೆ: ಸರ್, Fe, Fe²⁺, Fe³⁺ ಮೂರಕ್ಕೂ ಆರ್ಬಿಟಲ್ ಬಾಕ್ಸ್ ಚಿತ್ರ ಬರೆದೆ. Fe ಬರೆಯುವಾಗ 3d ಯಲ್ಲಿ ಮೂರು ಬಾಕ್ಸ್ ಪೂರ್ತಿ ತುಂಬಿಸಿ ಎರಡನ್ನು ಖಾಲಿ ಬಿಟ್ಟಿದ್ದೆ, ಅದು ತಪ್ಪಂತೆ. ತಿದ್ದಿಕೊಂಡೆ, ಆದರೆ ಕಾರಣ ಗೊತ್ತಾಗಲಿಲ್ಲ. Fe²⁺ ಗೆ 3d⁴ 4s² ಬರೆದೆ. ಜೋಡಿಯಾಗದ ಎಲೆಕ್ಟ್ರಾನ್ ನಾಲ್ಕು ಬಂತು, ಸರಿ ಉತ್ತರದಲ್ಲೂ ನಾಲ್ಕೇ ಇದೆ. ಆದರೂ ಚಿತ್ರ ತಪ್ಪು ಅಂತಾರೆ. ಕೊನೆಗೆ ತುಂಬಿದ್ದು 3d ಆದರೆ ಮೊದಲು ಹೋಗಬೇಕಾದ್ದೂ ಅದೇ ಅಲ್ವಾ?

ಉತ್ತರ: ಚಿತ್ರ ತಪ್ಪೇ. ಲೆಕ್ಕ ಸರಿ ಬಂದದ್ದು ಕಾಕತಾಳೀಯ, ಮತ್ತು ಆ ಕಾಕತಾಳೀಯ ಕಬ್ಬಿಣದಲ್ಲಿ ಯಾಕೆ ಆಗುತ್ತದೆ ಅನ್ನುವುದರಲ್ಲೇ ಕಲಿಯಲು ಬೇಕಾದಷ್ಟಿದೆ. ಅಲ್ಲಿಗೆ ಹೋಗುವ ಮೊದಲು Fe ಪರಮಾಣುವಿನ ಚಿತ್ರವನ್ನು ಒಮ್ಮೆ ಮೊದಲಿನಿಂದ ಕಟ್ಟೋಣ.

ಒಂದು ಬಾಕ್ಸ್ ಅಂದರೆ ಒಂದು ಆರ್ಬಿಟಲ್. ಅದರೊಳಗಿನ ಬಾಣ ಅಂದರೆ ಒಂದು ಎಲೆಕ್ಟ್ರಾನ್, ಬಾಣದ ದಿಕ್ಕು ಅದರ ಸ್ಪಿನ್. ಒಂದೇ ಪರಮಾಣುವಿನ ಯಾವ ಎರಡು ಎಲೆಕ್ಟ್ರಾನ್‌ಗಳಿಗೂ ನಾಲ್ಕು ಕ್ವಾಂಟಮ್ ಸಂಖ್ಯೆಗಳೂ ಒಂದೇ ಆಗಿರಕೂಡದು ಎಂದು ಪೌಲಿ 1925ರಲ್ಲಿ ಹೇಳಿದ. ಒಂದು ಬಾಕ್ಸ್ ಗೊತ್ತಾದರೆ ಮೂರು ಸಂಖ್ಯೆಗಳು ಗೊತ್ತಾದಂತೆ. ಉಳಿಯುವುದು ಸ್ಪಿನ್ ಒಂದೇ, ಅದಕ್ಕಿರುವುದು ಎರಡೇ ಬೆಲೆ. ಹಾಗಾಗಿ ಒಂದು ಬಾಕ್ಸಿನಲ್ಲಿ ಹೆಚ್ಚೆಂದರೆ ಎರಡು ಬಾಣ, ಎರಡಿದ್ದರೆ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. s ಗೆ ಒಂದು ಬಾಕ್ಸ್, p ಗೆ ಮೂರು, d ಗೆ ಐದು.

ಕಬ್ಬಿಣದ ಪರಮಾಣು ಸಂಖ್ಯೆ 26. ತುಂಬುವ ಕ್ರಮಕ್ಕೆ n + l ಲೆಕ್ಕ ಸಾಕು: ಮೊತ್ತ ಚಿಕ್ಕದಿರುವುದು ಮೊದಲು, ಮೊತ್ತ ಸಮವಾದರೆ n ಚಿಕ್ಕದಿರುವುದು ಮೊದಲು. 3p ಗೆ 3 + 1 = 4, 4s ಗೆ 4 + 0 = 4, 3d ಗೆ 3 + 2 = 5. ಮೊದಲ ಎರಡರ ಮೊತ್ತ ಒಂದೇ ಆದ್ದರಿಂದ n ಚಿಕ್ಕದಾದ 3p ಮೊದಲು, ಆಮೇಲೆ 4s, ಅದಾದ ಮೇಲೆ 3d. ಎಲೆಕ್ಟ್ರಾನ್‌ಗಳನ್ನು ಎಣಿಸುತ್ತಾ ಹೋದರೆ 3p ಮುಗಿಯುವಾಗ 18 ಆಗುತ್ತದೆ (ಅದು ಆರ್ಗಾನ್), 4s ಮುಗಿಯುವಾಗ 20, ಇನ್ನು ಉಳಿದ ಆರು 3d ಗೆ. ಆರ್ಗಾನ್‌ವರೆಗಿನ ಬಾಕ್ಸ್‌ಗಳೆಲ್ಲ ಭರ್ತಿಯಾಗಿರುವುದರಿಂದ ಅವನ್ನು [Ar] ಎಂದು ಬರೆದು ಮುಂದೆ ಹೋಗಬಹುದು. ಚಿತ್ರದಲ್ಲಿ ನೋಡಬೇಕಾದ್ದೆಲ್ಲ ಕೊನೆಯ ಆರು ಬಾಕ್ಸ್‌ಗಳಲ್ಲೇ ಇದೆ.

```
Fe   [Ar]            3d                4s
          [↑↓][↑ ][↑ ][↑ ][↑ ]       [↑↓]
```

ಇಲ್ಲಿ ಒಂದು ವಿಷಯ ಗಮನಿಸಿ. ತುಂಬಿದ್ದು 4s ಮೊದಲಾದರೂ ಬರೆಯುವಾಗ 3d ಯನ್ನು ಎಡಕ್ಕೆ, 4s ಅನ್ನು ಬಲತುದಿಗೆ ಇಟ್ಟಿದ್ದೇನೆ. ಹೀಗೆ ಕವಚದ ಕ್ರಮದಲ್ಲಿ ಬರೆಯುವ ಅಭ್ಯಾಸ ಮಾಡಿಕೊಂಡರೆ ಅಯಾನಿನ ಚಿತ್ರ ಬರೆಯುವಾಗ ಕೈ ತಾನಾಗಿ ಬಲತುದಿಗೇ ಹೋಗುತ್ತದೆ, ಅರ್ಧ ತಪ್ಪುಗಳು ಅಲ್ಲೇ ತಪ್ಪುತ್ತವೆ.

ಇನ್ನು ಆ ಆರು ಬಾಣಗಳ ವಿಷಯ. ಐದೂ 3d ಬಾಕ್ಸ್‌ಗಳ ಶಕ್ತಿ ಸಮ. ಅಂಥ ಕಡೆ ಮೊದಲು ಪ್ರತಿ ಬಾಕ್ಸಿಗೂ ಒಂದೊಂದು ಬಾಣ, ಎಲ್ಲವೂ ಒಂದೇ ದಿಕ್ಕಿಗೆ. ಯಾವ ಬಾಕ್ಸೂ ಖಾಲಿ ಉಳಿಯದಾದ ಮೇಲೆ ಮಾತ್ರ ಜೋಡಿ. ಇದು ಹುಂಡ್‌ನ ನಿಯಮ. ಐದು ಬಾಣ ಮೇಲ್ಮುಖವಾಗಿ ಹಾಕಿದಿರಿ, ಆರನೆಯದಕ್ಕೆ ಖಾಲಿ ಬಾಕ್ಸ್ ಇಲ್ಲ, ಅದು ಯಾವುದಾದರೂ ಒಂದರಲ್ಲಿ ಕೆಳಮುಖವಾಗಿ ಸೇರಿಕೊಳ್ಳಲೇಬೇಕು. ಎಡತುದಿಯ ಬಾಕ್ಸಿಗೇ ಹಾಕಬೇಕೆಂದಿಲ್ಲ, ಅದು ರೂಢಿ ಅಷ್ಟೇ. ಐದು ಕೆಳಕ್ಕೆ, ಒಂದು ಮೇಲಕ್ಕೆ ಹಾಕಿದರೂ ತಪ್ಪಲ್ಲ. ತಪ್ಪಾಗುವುದು ಒಂಟಿ ಬಾಣಗಳಲ್ಲಿ ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ ಬರೆದಾಗ.

ನಿಮ್ಮ ಮೂರು ಭರ್ತಿ, ಎರಡು ಖಾಲಿ ಚಿತ್ರ ಪೌಲಿಯ ನಿಯಮವನ್ನು ಮುರಿಯುವುದಿಲ್ಲ. ಅಂಥ ಜೋಡಣೆಗೆ ನಿಷೇಧವೇನಿಲ್ಲ, ಅದರ ಶಕ್ತಿ ಹೆಚ್ಚು, ಅಷ್ಟೇ. ಬಾಕ್ಸ್ ಚಿತ್ರದಲ್ಲಿ ನಾವು ಬರೆಯುವುದು ಅತಿ ಕಡಿಮೆ ಶಕ್ತಿಯ ಸ್ಥಿತಿಯನ್ನು, ಅಂದರೆ ಮೂಲ ಸ್ಥಿತಿಯನ್ನು. ಶಕ್ತಿ ಹೆಚ್ಚಾಗುವುದಕ್ಕೆ ಎರಡು ಕಾರಣ. ಮೊದಲನೆಯದು, ಒಂದೇ ಬಾಕ್ಸಿನಲ್ಲಿರುವ ಎರಡು ಎಲೆಕ್ಟ್ರಾನ್‌ಗಳು ಒಂದೇ ಜಾಗ ಹಂಚಿಕೊಂಡಿರುತ್ತವೆ, ಅವುಗಳ ವಿಕರ್ಷಣೆ ಹೆಚ್ಚು. ನಿಮ್ಮ ಚಿತ್ರದಲ್ಲಿ ಅಂಥ ಜೋಡಿ ಮೂರು, ಸರಿಯಾದ ಚಿತ್ರದಲ್ಲಿ ಒಂದೇ. ಎರಡನೆಯದು ವಿನಿಮಯ ಶಕ್ತಿ. ಒಂದೇ ದಿಕ್ಕಿನ ಸ್ಪಿನ್ ಇರುವ ಪ್ರತಿ ಎರಡು ಎಲೆಕ್ಟ್ರಾನ್‌ಗಳಿಗೆ ಶಕ್ತಿಯಲ್ಲಿ ಒಂದಿಷ್ಟು ಇಳಿಕೆ ಸಿಗುತ್ತದೆ. ಎಷ್ಟು ಸಲ ಸಿಗುತ್ತದೆ ಎಂದು ಎಣಿಸುವುದು ಸುಲಭ. ಒಂದೇ ದಿಕ್ಕಿನ ಐದು ಬಾಣಗಳಿಂದ ಎರಡೆರಡನ್ನು ಆರಿಸುವ ವಿಧಗಳು ಹತ್ತು. ಆರನೆಯ ಬಾಣ ಒಂಟಿಯಾಗಿ ಕೆಳಮುಖವಾಗಿದೆ, ಅದಕ್ಕೆ ಜೊತೆ ಇಲ್ಲ. ಒಟ್ಟು ಹತ್ತು. ನಿಮ್ಮ ಚಿತ್ರದಲ್ಲಿ ಮೂರು ಮೇಲೆ, ಮೂರು ಕೆಳಗೆ: ಮೇಲಿನವುಗಳಿಂದ ಮೂರು, ಕೆಳಗಿನವುಗಳಿಂದ ಮೂರು, ಒಟ್ಟು ಆರು. ಎರಡೂ ಕಾರಣಗಳಲ್ಲಿ ನಿಮ್ಮ ಜೋಡಣೆಗೆ ನಷ್ಟವೇ.

ಈ ನಷ್ಟ ಎಷ್ಟು ದೊಡ್ಡದು ಎಂಬ ಅಂದಾಜಿಗೆ ಇಂಗಾಲವನ್ನು ನೋಡಿ. ಅದರ 2p ಯಲ್ಲಿ ಎರಡೇ ಎಲೆಕ್ಟ್ರಾನ್. ಎರಡೂ ಒಂದೇ ದಿಕ್ಕಿಗೆ ಇರುವುದು ಮೂಲ ಸ್ಥಿತಿ. ಸ್ಪಿನ್‌ಗಳು ವಿರುದ್ಧವಾಗಿರುವ ಸ್ಥಿತಿಗಳಲ್ಲಿ ಅತಿ ಕೆಳಗಿನದು ಕೂಡ ಅದಕ್ಕಿಂತ ಸುಮಾರು 1.26 ಎಲೆಕ್ಟ್ರಾನ್ ವೋಲ್ಟ್ ಮೇಲಿದೆ. ಪರಮಾಣುವಿನ ವರ್ಣಪಟಲದಿಂದ ನೇರವಾಗಿ ಸಿಗುವ ಅಂಕಿ ಇದು. ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಉಷ್ಣಚಲನೆಯ ಶಕ್ತಿ ಸುಮಾರು 0.025 ಎಲೆಕ್ಟ್ರಾನ್ ವೋಲ್ಟ್. ಅದರ ಐವತ್ತು ಪಟ್ಟು ಅಂತರವೆಂದರೆ ಪರಮಾಣು ತಾನಾಗಿ ಆ ಮೇಲಿನ ಸ್ಥಿತಿಗೆ ಹೋಗುವ ಸಂಭವ ಇಲ್ಲವೆಂದೇ ಹೇಳಬಹುದು. ಒಂದೇ ಸ್ಪಿನ್‌ನ ಎಲೆಕ್ಟ್ರಾನ್‌ಗಳು ಪರಸ್ಪರ ದೂರ ಇರುತ್ತವೆ, ಅದಕ್ಕೇ ವಿಕರ್ಷಣೆ ಕಡಿಮೆ ಎಂದು ಸಾಮಾನ್ಯವಾಗಿ ಹೇಳಿಕೊಡುತ್ತಾರೆ. ಮೊದಲ ಹಂತಕ್ಕೆ ಅದು ಸಾಕು. ನಿಖರವಾದ ಲೆಕ್ಕಗಳು ತೋರಿಸುವುದು ಇನ್ನೂ ಸ್ವಾರಸ್ಯಕರ: ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡುವ ಈ ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್ಸನ್ನು ಪರಸ್ಪರ ಮರೆಮಾಡುವುದು ಕಡಿಮೆ, ಆದ್ದರಿಂದ ಎರಡೂ ಅದರ ಹತ್ತಿರಕ್ಕೆ ಸರಿಯುತ್ತವೆ, ಶಕ್ತಿ ಇಳಿಯುವುದು ಬಹುಪಾಲು ಆ ಆಕರ್ಷಣೆಯಿಂದಲೇ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕೊನೆಗೆ ಬಂದದ್ದು ಮೊದಲು ಹೋಗಬೇಕು ಎಂಬ ನಿಮ್ಮ ತರ್ಕ ಒಂದು ಊಹೆಯ ಮೇಲೆ ನಿಂತಿದೆ. ತುಂಬುವ ಕ್ರಮವನ್ನು ಹಿಮ್ಮುಖವಾಗಿ ಓದಿದರೆ ತೆಗೆಯುವ ಕ್ರಮ ಸಿಗುತ್ತದೆ ಎಂಬುದು ಆ ಊಹೆ. ಹಾಗಾಗುವುದಿಲ್ಲ, ಯಾಕೆಂದರೆ ಎರಡೂ ಒಂದೇ ಪರಮಾಣುವಿನ ಕಥೆಯಲ್ಲ. ತುಂಬುವ ಕ್ರಮದಲ್ಲಿ ಒಂದು ಹೆಜ್ಜೆ ಮುಂದೆ ಹೋದರೆ ಒಂದು ಎಲೆಕ್ಟ್ರಾನ್ ಸೇರುವುದರ ಜೊತೆಗೆ ನ್ಯೂಕ್ಲಿಯಸ್ಸಿನಲ್ಲಿ ಒಂದು ಪ್ರೋಟಾನೂ ಸೇರುತ್ತದೆ, ಧಾತುವೇ ಬದಲಾಗುತ್ತದೆ. ಅಯಾನು ಮಾಡುವಾಗ ಪ್ರೋಟಾನ್ ಸಂಖ್ಯೆ 26ರಲ್ಲೇ ನಿಂತಿರುತ್ತದೆ, ಎಲೆಕ್ಟ್ರಾನ್ ಮಾತ್ರ ಹೋಗುತ್ತದೆ. Fe²⁺ ನಲ್ಲಿ 24 ಎಲೆಕ್ಟ್ರಾನ್‌ಗಳಿವೆ, ಕ್ರೋಮಿಯಮ್ಮಿನಲ್ಲೂ 24. ಆದರೆ ಒಂದರಲ್ಲಿ ಅವನ್ನು ಹಿಡಿದಿರುವುದು 26 ಪ್ರೋಟಾನ್, ಇನ್ನೊಂದರಲ್ಲಿ 24. ಬಾಕ್ಸ್‌ಗಳ ಶಕ್ತಿಯ ಕ್ರಮ ಎರಡರಲ್ಲೂ ಒಂದೇ ಇರಬೇಕೆಂದೇನಿಲ್ಲ.

ಈ ಮಾತನ್ನು ಪರೀಕ್ಷಿಸಲು ನನಗೆ ಅತ್ಯಂತ ಇಷ್ಟವಾದ ಉದಾಹರಣೆ 19 ಎಲೆಕ್ಟ್ರಾನ್‌ಗಳಿರುವ ಮೂರು ಕಣಗಳದ್ದು: K, Ca⁺, Sc²⁺. ಮೂರರಲ್ಲೂ ಆರ್ಗಾನ್ ತಿರುಳು, ಅದರ ಹೊರಗೆ ಒಂದೇ ಒಂದು ಎಲೆಕ್ಟ್ರಾನ್. ಬದಲಾಗುವುದು ಪ್ರೋಟಾನ್ ಸಂಖ್ಯೆ ಮಾತ್ರ: 19, 20, 21. ಆ ಒಂದು ಎಲೆಕ್ಟ್ರಾನ್‌ಗೆ 4s ಬೇಕೋ 3d ಬೇಕೋ ಎಂದು ಪ್ರಕೃತಿಯನ್ನೇ ಕೇಳಬಹುದು. ಪೊಟ್ಯಾಸಿಯಮ್‌ನಲ್ಲಿ ಅದು 4s ನಲ್ಲಿದೆ, 3d ಅದಕ್ಕಿಂತ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್ ಮೇಲೆ. Ca⁺ ನಲ್ಲೂ 4s ನಲ್ಲೇ ಇದೆ, ಆದರೆ 3d ಈಗ ಸುಮಾರು 1.7 ರಷ್ಟೇ ಮೇಲೆ. Sc²⁺ ಗೆ ಬಂದಾಗ ಕ್ರಮ ತಿರುಗಿಬಿದ್ದಿದೆ: ಎಲೆಕ್ಟ್ರಾನ್ ಇರುವುದು 3d ಯಲ್ಲಿ, 4s ಅದಕ್ಕಿಂತ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್ ಮೇಲೆ. ಎರಡು ಪ್ರೋಟಾನ್ ಹೆಚ್ಚಾದದ್ದಕ್ಕೆ ಇಷ್ಟು ಬದಲಾವಣೆ.

ಕಾರಣ ಈ ಎರಡು ಆರ್ಬಿಟಲ್‌ಗಳ ಆಕಾರದಲ್ಲಿದೆ. 4s ಬಹಳ ಹರಡಿಕೊಂಡಿರುವಂಥದು, ಜೊತೆಗೆ ಅದರ ಒಂದು ಸಣ್ಣ ಪಾಲು ನ್ಯೂಕ್ಲಿಯಸ್ಸಿನ ಹತ್ತಿರದವರೆಗೂ ನುಗ್ಗುತ್ತದೆ. ನ್ಯೂಕ್ಲಿಯಸ್ಸಿನ ಹಿಡಿತ ಸಡಿಲವಿರುವಾಗ ಆ ನುಗ್ಗುವಿಕೆಯ ಲಾಭ 4s ಅನ್ನು ಕೆಳಗಿಡುತ್ತದೆ. ಪ್ರೋಟಾನ್ ಹೆಚ್ಚಿದಂತೆ 3d ಕುಗ್ಗಿ ಒಳಗೆ ಸೇರಿಕೊಳ್ಳುತ್ತದೆ, n ಚಿಕ್ಕದಿರುವುದರ ಲಾಭ ಅದಕ್ಕೆ ಆಗ ಪೂರ್ತಿ ಸಿಗುತ್ತದೆ, ಶಕ್ತಿ ರಪ್ಪನೆ ಇಳಿಯುತ್ತದೆ. ಕಬ್ಬಿಣದ ಅಯಾನಿನಲ್ಲಿ ಆಗಿರುವುದೂ ಇದೇ: 3d ಒಳಗಿನ ಕವಚದ್ದು, 4s ಹೊರಗಿನದು, ಹೊರಗಿನದು ಮೊದಲು ಹೋಗುತ್ತದೆ. ವರ್ಣಪಟಲ ಕೊಡುವ ಉತ್ತರವೂ ಹಾಗೇ ಇದೆ. Fe⁺ ನ ಮೂಲ ಸ್ಥಿತಿ 3d⁶ 4s¹, Fe²⁺ ನದು 3d⁶, Fe³⁺ ನದು 3d⁵.

ಇಲ್ಲಿ ಒಂದು ಮರುಪ್ರಶ್ನೆ ಸಹಜ. 3d ಕೆಳಗಿದ್ದರೆ ತಟಸ್ಥ ಕಬ್ಬಿಣದಲ್ಲಿ ಎಂಟೂ ಎಲೆಕ್ಟ್ರಾನ್ 3d ಗೇ ಯಾಕೆ ಹೋಗಬಾರದು? 3d ಚಿಕ್ಕದು, ಇಕ್ಕಟ್ಟಿನದು, ಅಲ್ಲಿ ಈಗಾಗಲೇ ಆರು ಎಲೆಕ್ಟ್ರಾನ್‌ಗಳಿವೆ. ಏಳನೆಯದನ್ನು ತುರುಕಿದರೆ ಅವೆಲ್ಲವುಗಳ ಜೊತೆ ವಿಕರ್ಷಣೆ ಎದುರಿಸಬೇಕು. ದೂರದ 4s ನಲ್ಲಿ ಎರಡನ್ನು ಇಟ್ಟರೆ ಪರಮಾಣುವಿನ ಒಟ್ಟು ಶಕ್ತಿ ಕಡಿಮೆಯಾಗುತ್ತದೆ. ಪರಮಾಣುವಿಗೆ ಲೆಕ್ಕವಾಗುವುದು ಒಟ್ಟು ಶಕ್ತಿ, ಒಂದು ಬಾಕ್ಸಿನ ಎತ್ತರವಲ್ಲ. n + l ಕ್ರಮವನ್ನು ಎಲ್ಲ ಪರಮಾಣುಗಳಿಗೂ ಅಯಾನುಗಳಿಗೂ ಅನ್ವಯಿಸುವ ಶಾಶ್ವತ ಏಣಿಯಂತೆ ಓರೆ ಬಾಣಗಳ ಚಿತ್ರದಲ್ಲಿ ಕಲಿಸುವುದರಿಂದಲೇ ನಿಮ್ಮಂಥ ಗೊಂದಲ ಹುಟ್ಟುತ್ತದೆ ಎನ್ನುವುದು ನನ್ನ ಅಭಿಪ್ರಾಯ. ತಟಸ್ಥ ಪರಮಾಣುವಿನಲ್ಲಿ ಎಷ್ಟೆಷ್ಟು ಎಲೆಕ್ಟ್ರಾನ್ ಎಲ್ಲೆಲ್ಲಿ ಇವೆ ಎಂದು ನೆನಪಿಡಲು ಅದು ಒಳ್ಳೆಯ ಸಾಧನ. ಅಷ್ಟಕ್ಕೇ ಬಳಸಿ.

ಈಗ ಆ ಕಾಕತಾಳೀಯ. ಎರಡೂ ಚಿತ್ರಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ.

```
Fe2+  ತಪ್ಪು   [↑ ][↑ ][↑ ][↑ ][  ]   [↑↓]   3d4 4s2
Fe2+  ಸರಿ     [↑↓][↑ ][↑ ][↑ ][↑ ]   [  ]   3d6
```

ಐದು ಬಾಕ್ಸ್‌ಗಳಲ್ಲಿ ನಾಲ್ಕು ಎಲೆಕ್ಟ್ರಾನ್ ಇದ್ದರೂ ಒಂಟಿ ಬಾಣ ನಾಲ್ಕು, ಆರು ಇದ್ದರೂ ನಾಲ್ಕು. ಅರ್ಧ ತುಂಬಿದ ಐದರಿಂದ ಒಂದು ಹಿಂದೆ, ಒಂದು ಮುಂದೆ. ಅದಕ್ಕೇ ನಿಮ್ಮ ತಪ್ಪು ಮುಚ್ಚಿಹೋಯಿತು. ಜೋಡಿಯಾಗದ ಎಲೆಕ್ಟ್ರಾನ್ ಎಷ್ಟು ಎಂದಷ್ಟೇ ಕೇಳಿದ್ದರೆ ಪೂರ್ತಿ ಅಂಕ ಸಿಕ್ಕುತ್ತಿತ್ತು, ತಪ್ಪು ಉಳಿದೇಬಿಡುತ್ತಿತ್ತು. Fe³⁺ ನಲ್ಲಿ ಈ ಮರೆ ಇಲ್ಲ.

```
Fe3+  ತಪ್ಪು   [↑ ][↑ ][↑ ][  ][  ]   [↑↓]   3d3 4s2
Fe3+  ಸರಿ     [↑ ][↑ ][↑ ][↑ ][↑ ]   [  ]   3d5
```

ಮೂರೋ ಐದೋ ಎನ್ನುವುದನ್ನು ತಕ್ಕಡಿಯಲ್ಲೇ ತೀರ್ಮಾನಿಸಬಹುದು. ಒಂಟಿ ಎಲೆಕ್ಟ್ರಾನ್ ಇರುವ ವಸ್ತು ಕಾಂತಕ್ಷೇತ್ರದ ಕಡೆಗೆ ಸೆಳೆಯಲ್ಪಡುತ್ತದೆ, ಅಂದರೆ ಅನುಕಾಂತೀಯ. ಮಾದರಿಯನ್ನು ಕಾಂತದ ಧ್ರುವಗಳ ನಡುವೆ ತೂಗುಬಿಟ್ಟು, ಕ್ಷೇತ್ರ ಇಲ್ಲದಾಗ ಮತ್ತು ಇದ್ದಾಗ ತೂಕ ನೋಡಿ, ಆ ವ್ಯತ್ಯಾಸದಿಂದ ಕಾಂತೀಯ ಮಹತ್ವವನ್ನು ಲೆಕ್ಕ ಹಾಕುತ್ತಾರೆ. ಸ್ಪಿನ್ ಮಾತ್ರ ಪರಿಗಣಿಸಿದರೆ, n ಒಂಟಿ ಎಲೆಕ್ಟ್ರಾನ್‌ಗಳಿಗೆ ಅದು √(n(n+2)) ಬೋರ್ ಮ್ಯಾಗ್ನೆಟಾನ್ (ಈ n ಕ್ವಾಂಟಮ್ ಸಂಖ್ಯೆಯಲ್ಲ, ಎಣಿಕೆ). ಮೂರಕ್ಕೆ √15, ಅಂದರೆ 3.87. ಐದಕ್ಕೆ √35, ಅಂದರೆ 5.92. ಕಬ್ಬಿಣದ ಫೆರಿಕ್ ಆಲಮ್‌ನಂಥ ಲವಣಗಳಲ್ಲಿ ಅಳೆದರೆ ಸಿಗುವುದು ಸುಮಾರು 5.9. ಹೀಗಾಗಿ 3d³ 4s² ಚಿತ್ರ ಬಿದ್ದುಹೋಗುತ್ತದೆ. Fe²⁺ ಗೆ ಸೂತ್ರ ಕೊಡುವುದು 4.90, ಅಳತೆಯಲ್ಲಿ ಬರುವುದು ಸಾಮಾನ್ಯವಾಗಿ 5ಕ್ಕಿಂತ ತುಸು ಹೆಚ್ಚು. ಆ ಹೆಚ್ಚುವರಿ ಬರುವುದು ಎಲೆಕ್ಟ್ರಾನ್‌ಗಳ ಕಕ್ಷೀಯ ಚಲನೆಯಿಂದ, ಅದನ್ನು ನೋಡಿ ಒಂಟಿ ಬಾಣಗಳ ಸಂಖ್ಯೆ ಬದಲಾಯಿಸಬೇಡಿ.

ನಿಮ್ಮ ಕ್ರಮ ಸರಿಯೇ ಎಂದು ಇನ್ನೊಂದು ಕಡೆ ಪರೀಕ್ಷಿಸಬೇಕೆಂದರೆ ಸತುವನ್ನು ತೆಗೆದುಕೊಳ್ಳಿ. Zn ನಲ್ಲಿ 3d¹⁰ 4s². 4s ಮೊದಲು ಖಾಲಿಯಾದರೆ Zn²⁺ ನಲ್ಲಿ 3d¹⁰, ಒಂಟಿ ಬಾಣ ಒಂದೂ ಇಲ್ಲ. ನಿಮ್ಮ ಹಳೆಯ ಕ್ರಮದಲ್ಲಿ 3d⁸ 4s² ಬರುತ್ತದೆ, ಎರಡು ಒಂಟಿ ಬಾಣ. ಸತುವಿನ ಸಲ್ಫೇಟು ಬಿಳಿ, ಅದರ ದ್ರಾವಣಕ್ಕೆ ಬಣ್ಣವಿಲ್ಲ, ಅದು ಅನುಕಾಂತೀಯವೂ ಅಲ್ಲ. 3d ಸಾಲಿನಲ್ಲಿ ಟೈಟೇನಿಯಮ್‌ನಿಂದ ಸತುವಿನವರೆಗೆ 4s² ಇರುವ ಲೋಹಗಳ 2+ ಅಯಾನುಗಳನ್ನೆಲ್ಲ ಹೀಗೆ ಎರಡೂ ರೀತಿಯಲ್ಲಿ ಬರೆದು ನೋಡಿದರೆ, ತಪ್ಪು ಕ್ರಮಕ್ಕೂ ಸರಿ ಕ್ರಮಕ್ಕೂ ಒಂದೇ ಎಣಿಕೆ ಬರುವುದು ಕಬ್ಬಿಣದಲ್ಲಿ ಮಾತ್ರ.

ಕ್ರೋಮಿಯಮ್ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಪುಟದಲ್ಲೇ ಅದು ಎದುರಾಗುತ್ತದೆ. ಕ್ರಮದ ಪ್ರಕಾರ 3d⁴ 4s² ಬರಬೇಕು, ನಿಜವಾಗಿ ಇರುವುದು 3d⁵ 4s¹, ಆರೂ ಬಾಣ ಒಂಟಿ, ಆರೂ ಒಂದೇ ದಿಕ್ಕಿಗೆ. ಮೇಲಿನ ಎಣಿಕೆಯನ್ನೇ ಇಲ್ಲೂ ಮಾಡಿ: 3d ಒಳಗೆ ವಿನಿಮಯ ಜೋಡಿಗಳು ಆರರಿಂದ ಹತ್ತಕ್ಕೆ ಏರುತ್ತವೆ, 4s ನಲ್ಲಿದ್ದ ಒಂದು ಇಕ್ಕಟ್ಟಿನ ಜೋಡಿ ತಪ್ಪುತ್ತದೆ. 3d ಗೂ 4s ಗೂ ಅಂತರ ಕಡಿಮೆ ಇರುವಾಗ ಇಷ್ಟು ಸಾಕು. ಆದರೆ ಅರ್ಧ ತುಂಬಿದರೆ ಯಾವಾಗಲೂ ಸ್ಥಿರ ಎಂದು ಇದನ್ನು ನಿಯಮ ಮಾಡಿಕೊಳ್ಳಬೇಡಿ. ಅದೇ ಗುಂಪಿನ ಟಂಗ್‌ಸ್ಟನ್ 5d⁴ 6s² ನಲ್ಲೇ ಉಳಿದಿದೆ, ನಿಯೋಬಿಯಮ್ 4d⁴ 5s¹ ಎಂಬ, ಅರ್ಧವೂ ಅಲ್ಲದ ಪೂರ್ತಿಯೂ ಅಲ್ಲದ ಜೋಡಣೆಯಲ್ಲಿದೆ. ಇವು ವರ್ಣಪಟಲದಿಂದ ತಿಳಿದ ಸಂಗತಿಗಳು, ಎಣಿಕೆ ಅವುಗಳನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ, ಮೊದಲೇ ಊಹಿಸಲು ಸಾಲದು.

ಕೊನೆಯದಾಗಿ, ಹುಂಡ್‌ನ ನಿಯಮ ಹೇಳಿದಾಗ ಐದೂ ಬಾಕ್ಸ್‌ಗಳ ಶಕ್ತಿ ಸಮ ಎಂದೆ. ಒಂಟಿಯಾಗಿರುವ ಅಯಾನಿಗೆ ಅದು ನಿಜ. Fe²⁺ ಸುತ್ತ ಆರು ಸಯನೈಡ್ ಗುಂಪುಗಳು ಬಂದು ಕೂತಾಗ ಆ ಐದು ಬಾಕ್ಸ್‌ಗಳು ಕೆಳಗೆ ಮೂರು, ಮೇಲೆ ಎರಡು ಎಂದು ಒಡೆಯುತ್ತವೆ. ನಡುವಿನ ಅಂತರ ಎಷ್ಟು ದೊಡ್ಡದೆಂದರೆ, ಮೇಲಕ್ಕೆ ಹತ್ತುವುದಕ್ಕಿಂತ ಕೆಳಗೇ ಜೋಡಿಯಾಗುವುದು ಎಲೆಕ್ಟ್ರಾನ್‌ಗಳಿಗೆ ಅಗ್ಗ. ಆಗ ಆರೂ ಎಲೆಕ್ಟ್ರಾನ್‌ಗಳು ಕೆಳಗಿನ ಮೂರು ಬಾಕ್ಸ್‌ಗಳಲ್ಲಿ ಜೋಡಿಯಾಗುತ್ತವೆ.

```
[Fe(CN)6]4-     ಮೇಲೆ    [  ][  ]
                ಕೆಳಗೆ   [↑↓][↑↓][↑↓]
```

ಪೊಟ್ಯಾಸಿಯಮ್ ಫೆರೋಸಯನೈಡ್‌ನಲ್ಲಿ ಒಂಟಿ ಎಲೆಕ್ಟ್ರಾನ್ ಒಂದೂ ಇಲ್ಲ, ಕಾಂತಕ್ಷೇತ್ರ ಅದನ್ನು ತುಸು ದೂರಕ್ಕೇ ತಳ್ಳುತ್ತದೆ. ನೀವು ಮೊದಲು ಬರೆದಿದ್ದ ಮೂರು ಭರ್ತಿ, ಎರಡು ಖಾಲಿ ಜೋಡಣೆ ಇಲ್ಲಿ ಮೂಲ ಸ್ಥಿತಿಯೇ ಆಗಿದೆ. ಹಾಗಾಗಿ ಪ್ರಶ್ನೆಯಲ್ಲಿ Fe²⁺ ಎಂದಷ್ಟೇ ಇದ್ದರೆ ನಾಲ್ಕು ಒಂಟಿ ಬಾಣದ ಚಿತ್ರ ಬರೆಯಿರಿ. ಚೌಕ ಆವರಣದೊಳಗೆ ಅದರ ಸುತ್ತ ಬೇರೇನಾದರೂ ಇದ್ದರೆ, ಬಾಣ ಹಾಕುವ ಮೊದಲು ಬಾಕ್ಸ್‌ಗಳು ಒಡೆದಿವೆಯೇ, ಎಷ್ಟು ದೂರಕ್ಕೆ ಒಡೆದಿವೆ ಎಂದು ನೋಡಿಕೊಳ್ಳಿ.